ಪರಿಚಯದ ಓನರ್ ಅಂತ ಬಾಯಿಮಾತಿನ ಮೇಲೆ ಅಂಗಡಿ ಹಿಡಿಯುವ ಮುನ್ನ ಇದನ್ನು ಓದಿ

ಬೆಂಗಳೂರಿನಲ್ಲಿ ಸಣ್ಣ ಅಂಗಡಿ ಬಾಡಿಗೆಗೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಓನರ್ ನಿಮ್ಮ ಪರಿಚಯದವರೇ ಆಗಿದ್ದರೆ.

ಹನುಮಂತನಗರದಲ್ಲಿ ನಾನು ಬ್ಲೌಸ್ ಪೀಸ್, ಫಾಲ್ಸ್, ಲೈನಿಂಗ್ ಮಾರುವ ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದೆ. ಹತ್ತಕ್ಕೆ ಹನ್ನೆರಡು ಅಡಿ ಜಾಗ. ಬಾಡಿಗೆ 15,000, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ ಒಂದೂವರೆ ಲಕ್ಷ. ಓನರ್ ನಮ್ಮ ತಂದೆಯ ಹಳೇ ಸ್ನೇಹಿತರು. ಅಗ್ರಿಮೆಂಟ್ ಮಾತೆತ್ತಿದಾಗ, "ನಮ್ ನಮ್ಮಲ್ಲಿ ಅದೆಲ್ಲ ಯಾಕಮ್ಮ? ಐದು ವರ್ಷ ನೆಮ್ಮದಿಯಾಗಿ ನಡೆಸ್ಕೋ" ಅಂದರು. ಆ ಮಾತಿನಲ್ಲಿ ಮೋಸ ಇರಲಿಲ್ಲ. ಅವರು ಇರುವವರೆಗೂ ಬಾಡಿಗೆ ಏರಿಸಿ ಅಂತ ಒಂದು ದಿನವೂ ಕಾಡಲಿಲ್ಲ.

ಅಡ್ವಾನ್ಸ್‌ನಲ್ಲಿ 50,000 ಬ್ಯಾಂಕಿನಿಂದ ಹೋಯಿತು. ಮಿಕ್ಕ ಒಂದು ಲಕ್ಷ ಕ್ಯಾಶ್. ಅವರ ಮನೆಯಲ್ಲೇ ಕೂತು ಎಣಿಸಿ ಕೊಟ್ಟೆವು. ಅಂಕಲ್ ತಮ್ಮ ಡೈರಿಯಲ್ಲಿ ಬರೆದುಕೊಂಡರು. ಗೋಡೆಗೆ ರ‍್ಯಾಕ್, ಗಾಜಿನ ಕೌಂಟರ್, ಲೈಟು ಅಂತ ಮತ್ತೆ ಲಕ್ಷದ ಮೇಲೆ ಖರ್ಚಾಯಿತು. ಐದು ವರ್ಷ ಇದೆಯಲ್ಲ ಅನ್ನುವ ಲೆಕ್ಕದಲ್ಲೇ ಅಷ್ಟು ಹಾಕಿದ್ದು.

ಎರಡನೇ ವರ್ಷ ಅಂಕಲ್ ತೀರಿಕೊಂಡರು. ಕಟ್ಟಡ ಮಗನ ಪಾಲಿಗೆ ಬಂತು. ಸ್ವಲ್ಪ ದಿನಕ್ಕೆ ಅವರು ಅಂಗಡಿಗೆ ಬಂದು, "ಅಕ್ಕಾ, ಬಾಡಿಗೆ 25,000 ಮಾಡ್ಬೇಕು, ಇಲ್ಲಾಂದ್ರೆ ಖಾಲಿ ಮಾಡಿ" ಅಂದರು. ಐದು ವರ್ಷದ ಮಾತು ಹೇಳಿದರೆ, "ಅಪ್ಪ ನಮಗೇನೂ ಹೇಳಿಲ್ಲ" ಅಂದರು. ಅಡ್ವಾನ್ಸ್ ಕೇಳಿದರೆ, "ಅಕೌಂಟಿಗೆ ಬಂದಿರೋದು 50,000 ಅಲ್ವಾ?" ಡೈರಿ ಕೇಳಿದೆವು. ಹಳೇ ಸಾಮಾನಿನ ಜೊತೆ ಹೋಗಿರಬೇಕು ಅಂದರು. ಆಮೇಲೆ ಲಾಯರ್ ನೋಟಿಸ್ ಬಂತು. ಹದಿನೈದು ದಿನದಲ್ಲಿ ಜಾಗ ಬಿಡಬೇಕಂತೆ.

ನಾವು ತೋರಿಸಿದ ವಕೀಲರು ವಿವರಿಸಿದ್ದನ್ನು ಎಲ್ಲರೂ ತಿಳಿದಿರಬೇಕು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಒಪ್ಪಂದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಲೇಬೇಕು. "ಐದು ವರ್ಷ" ಅನ್ನುವ ಬಾಯಿಮಾತನ್ನು ಕಾನೂನು ಐದು ವರ್ಷ ಅಂತ ಎಣಿಸುವುದಿಲ್ಲ. ಕೊಟ್ಟವರು ಹೌದು ಅಂತ ಒಪ್ಪಿಕೊಂಡರೂ ಅಷ್ಟೇ. ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದರೆ ಅದು ಬರೀ ತಿಂಗಳ ಬಾಡಿಗೆ, ಹದಿನೈದು ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಹಾಗಂತ ನೋಟಿಸ್ ಕೊಟ್ಟ ಮಾತ್ರಕ್ಕೆ ಓನರ್ ಬಂದು ಶಟರ್‌ಗೆ ಬೀಗ ಜಡಿಯುವ ಹಾಗಿಲ್ಲ, ಬಲವಂತವಾಗಿ ಬಿಡಿಸಬೇಕಾದರೆ ಕೋರ್ಟಿಗೇ ಹೋಗಬೇಕು. ಹೆದರಿಸಿದರೆಂದು ರಾತ್ರೋರಾತ್ರಿ ಸಾಮಾನು ಎತ್ತಬೇಡಿ.

ಅಡ್ವಾನ್ಸ್ ವಿಷಯವೂ ಹಾಗೇ. ಆಸ್ತಿ ಪಡೆದ ಮಗ ಆ ಆಸ್ತಿಯ ಮಟ್ಟಿಗೆ ತಂದೆಯ ಬಾಕಿಗೂ ಹೊಣೆ. ಆದರೆ ಇಷ್ಟು ಕೊಟ್ಟಿದ್ದೆವು ಅಂತ ತೋರಿಸುವುದು ನಮ್ಮ ಕೆಲಸ. ಆ ಒಂದು ಲಕ್ಷಕ್ಕೆ ನಮ್ಮ ಹತ್ತಿರ ಒಂದು ಸಾಲೂ ಇರಲಿಲ್ಲ. ಕೇಸು ಹಾಕಿ ವರ್ಷಗಟ್ಟಲೆ ಅಲೆಯುವ ಶಕ್ತಿಯೂ ಇರಲಿಲ್ಲ. ಕೊನೆಗೆ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು 35,000 ಕೊಟ್ಟರು. ಗೋಡೆಯ ರ‍್ಯಾಕ್ ಬಿಚ್ಚುವಾಗ ಅರ್ಧ ಪ್ಲೈವುಡ್ ಒಡೆದೇ ಹೋಯಿತು. ಅಂಕಲ್ ಮೇಲೆ ನನಗೆ ಇವತ್ತಿಗೂ ಬೇಸರವಿಲ್ಲ. ಮಗನ ಮೇಲೆ ಇದೆ.

ಸಾಮಾನ್ಯವಾಗಿ ಎಲ್ಲರೂ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಸುತ್ತಾರೆ. ನೋಂದಣಿ ತಪ್ಪಲಿ ಅಂತ. ಅಡ್ವಾನ್ಸ್‌ಗೆ ದಾಖಲೆಯಾಗಿ ಅದು ಸಾಕು. ಆದರೆ ಅಂಗಡಿಯ ಒಳಗೆ ಲಕ್ಷಗಟ್ಟಲೆ ಸುರಿಯುವುದಿದ್ದರೆ ಮೂರೋ ಐದೋ ವರ್ಷಕ್ಕೆ ಬರೆಸಿ ರಿಜಿಸ್ಟರ್ ಮಾಡಿಸಿ. ಅಡ್ವಾನ್ಸ್ ಎಷ್ಟು, ಚೆಕ್ಕೋ ಕ್ಯಾಶೋ, ಬೀಗದ ಕೈ ಕೊಟ್ಟ ದಿನವೇ ವಾಪಸ್ ಕೊಡಬೇಕು, ಪೇಂಟಿಂಗ್‌ಗೆ ಎಷ್ಟು ಹಿಡಿಯಬಹುದು, ಇದೆಲ್ಲ ಅದರಲ್ಲಿರಲಿ. ಕರಾರು ಓನರ್‌ನ ವಾರಸುದಾರರಿಗೂ, ಕಟ್ಟಡ ಕೊಂಡವರಿಗೂ ಅನ್ವಯ ಅನ್ನುವ ಸಾಲನ್ನು ಬಿಡಬೇಡಿ. ಪರಿಚಯದವರ ಹತ್ತಿರ ಕೇಳಲು ಮುಜುಗರವಾದರೆ ಟ್ರೇಡ್ ಲೈಸೆನ್ಸ್‌ಗೆ, ಜಿಎಸ್‌ಟಿಗೆ ಬೇಕು ಅನ್ನಿ. ಅದು ನಿಜವೂ ಹೌದು, ಅಲ್ಲಿ ಜಾಗದ ದಾಖಲೆ ಕೇಳುತ್ತಾರೆ.

ಈಗಾಗಲೇ ಬಾಯಿಮಾತಿನಲ್ಲೇ ಅಂಗಡಿ ನಡೆಸುತ್ತಿದ್ದರೆ ಇವತ್ತೇ ಓನರ್‌ಗೆ ಒಂದು ವಾಟ್ಸಾಪ್ ಮೆಸೇಜ್ ಹಾಕಿ: "ಅಂಕಲ್, ನಮ್ಮ ಅಡ್ವಾನ್ಸ್ ಒಂದೂವರೆ ಲಕ್ಷ ನಿಮ್ಮ ಹತ್ತಿರ ಇದೆ, ಈ ತಿಂಗಳ ಬಾಡಿಗೆ ಹಾಕಿದ್ದೀನಿ, ನೋಡಿ." ಅವರಿಂದ "ಹೌದಮ್ಮ, ಬಂತು" ಅಂತ ಉತ್ತರ ಬಂದರೆ ಆ ಫೋನನ್ನು ಜೋಪಾನವಾಗಿಡಿ. ಅಗ್ರಿಮೆಂಟಿನ ಜಾಗಕ್ಕೆ ಅದು ಬರುವುದಿಲ್ಲ, ಆದರೆ ನಮ್ಮ ಕೈಯಲ್ಲಿ ಅಷ್ಟೂ ಇರಲಿಲ್ಲ.