ಎಕ್ಸ್‌ಪೈರಿ ವಾರದಲ್ಲಿ ಬರುವ 'ಲಾಂಗ್ ಬಿಲ್ಡಪ್' ಸ್ಕ್ರೀನ್‌ಶಾಟ್ ನಂಬಿ ದುಡ್ಡು ಹಾಕಬೇಡಿ

ತಿಂಗಳ ಕೊನೆ ಬಂತೆಂದರೆ ಟಿಪ್ಸ್ ಗುಂಪುಗಳಲ್ಲಿ ಒಂದೇ ಬಗೆಯ ಚಿತ್ರ ಓಡಾಡಲು ಶುರುವಾಗುತ್ತದೆ. ಯಾವುದೋ ಷೇರಿನ ಮುಂದಿನ ತಿಂಗಳ ಫ್ಯೂಚರ್ಸ್, ಬೆಲೆ ಶೇ. 4 ಮೇಲೆ, ಓಪನ್ ಇಂಟರೆಸ್ಟ್, ಅಂದರೆ ಇನ್ನೂ ಮುಚ್ಚದೆ ಉಳಿದ ಕಾಂಟ್ರಾಕ್ಟುಗಳ ಮೊತ್ತ, ಶೇ. 70 ಮೇಲೆ, ಅದರ ಕೆಳಗೆ ಹಸಿರು ಅಕ್ಷರದಲ್ಲಿ 'ಸ್ಟ್ರಾಂಗ್ ಲಾಂಗ್ ಬಿಲ್ಡಪ್'. ಅಂಕಿಗಳಲ್ಲಿ ಸುಳ್ಳಿಲ್ಲ, ಎಕ್ಸ್‌ಚೇಂಜಿನಿಂದಲೇ ಬಂದವು. ಸುಳ್ಳಿರುವುದು ಅವುಗಳ ಪಕ್ಕದಲ್ಲಿ ತೋರಿಸದೆ ಬಿಟ್ಟ ಅಂಕಿಯಲ್ಲಿ. ನಮ್ಮ ಭಾವ ಇಂಥದೇ ಒಂದು ಚಿತ್ರ ನೋಡಿ ಒಂದು ಲಾಟ್ ಕೊಂಡು 27,000 ರೂಪಾಯಿ ಕಳೆದುಕೊಂಡರು. ಗುಂಪಿಗೆ ಕಟ್ಟಿದ ಶುಲ್ಕ ಬೇರೆ. ಷೇರಿನ ಹೆಸರಾಗಲಿ ಗುಂಪಿನ ಹೆಸರಾಗಲಿ ಹಾಕುವುದಿಲ್ಲ, ಅಂಕಿಗಳನ್ನೂ ಸ್ವಲ್ಪ ದುಂಡಗೆ ಮಾಡಿದ್ದೇನೆ. ಆದರೆ ಲೆಕ್ಕ ಎಲ್ಲಿ ತಪ್ಪಿತು ಎಂಬುದು ಹಾಗೇ ಇದೆ.

ಎಕ್ಸ್‌ಪೈರಿ, ಅಂದರೆ ಚಾಲ್ತಿ ತಿಂಗಳ ಕಾಂಟ್ರಾಕ್ಟ್ ಮುಗಿಯುವ ದಿನ, ಮಂಗಳವಾರ ಇತ್ತು. ಅದರ ಹಿಂದಿನ ಶುಕ್ರವಾರ ಷೇರು ಜೋರಾಗಿ ಏರಿತು. ಚಾಲ್ತಿ ತಿಂಗಳ ಫ್ಯೂಚರ್ಸ್ 800ರಿಂದ 832ಕ್ಕೆ ಬಂದು ನಿಂತಿತು. ಮುಂದಿನ ತಿಂಗಳ ಕಾಂಟ್ರಾಕ್ಟಿನ ಓಪನ್ ಇಂಟರೆಸ್ಟ್, ಚುಟುಕಾಗಿ ಓಐ, 30 ಲಕ್ಷ ಷೇರಿನಿಂದ 52 ಲಕ್ಷಕ್ಕೆ ಹೋಯಿತು, ಅಂದರೆ ಶೇ. 73 ಏರಿಕೆ. ಸಂಜೆ ಗುಂಪಿನಲ್ಲಿ ಸಂದೇಶ ಬಂತು: ಬೆಲೆಯೂ ಏರಿದೆ, ಓಐ ಕೂಡ ಏರಿದೆ, ದೊಡ್ಡವರು ಮುಂದಿನ ತಿಂಗಳಿಗೆ ಹೊಸದಾಗಿ ಕೊಳ್ಳುತ್ತಿದ್ದಾರೆ, 880 ಗುರಿ. ಭಾವ ಸೋಮವಾರ ಬೆಳಿಗ್ಗೆ ಮುಂದಿನ ತಿಂಗಳದ್ದನ್ನು 839ಕ್ಕೆ ಕೊಂಡರು. ಲಾಟ್ 750 ಷೇರಿನದು.

ಬೆಲೆ ಏರಿ ಓಐ ಏರಿದರೆ ಲಾಂಗ್ ಬಿಲ್ಡಪ್, ಅಂದರೆ ಹೊಸದಾಗಿ ಕೊಳ್ಳುವವರು ಬಂದಿದ್ದಾರೆ. ಬೆಲೆ ಏರಿ ಓಐ ಇಳಿದರೆ ಶಾರ್ಟ್ ಕವರಿಂಗ್, ಅಂದರೆ ಮೊದಲು ಮಾರಿದ್ದವರು ಮರಳಿ ಕೊಂಡು ಹೊರಹೋಗುತ್ತಿದ್ದಾರೆ. ಈ ಸೂತ್ರ ಎಲ್ಲರಿಗೂ ಬಾಯಿಪಾಠ, ಸೂತ್ರದಲ್ಲಿ ತಪ್ಪೂ ಇಲ್ಲ. ಕೇಳಬೇಕಾದ ಪ್ರಶ್ನೆ, ಯಾವ ಓಐ ಎಂಬುದು. ನಮ್ಮಲ್ಲಿ ಒಂದೇ ಷೇರಿಗೆ ಮೂರು ತಿಂಗಳ ಕಾಂಟ್ರಾಕ್ಟುಗಳು ಒಟ್ಟಿಗೇ ನಡೆಯುತ್ತಿರುತ್ತವೆ. ಸ್ಟಾಕ್ ಫ್ಯೂಚರ್ಸ್ 2019ರ ಅಕ್ಟೋಬರ್‌ನಿಂದ ಪೂರ್ತಿಯಾಗಿ ಡೆಲಿವರಿಯಲ್ಲೇ ಇತ್ಯರ್ಥವಾಗುವುದರಿಂದ, ಷೇರು ತೆಗೆದುಕೊಳ್ಳುವ ಅಥವಾ ಕೊಡುವ ಉದ್ದೇಶ ಇಲ್ಲದವರು ಎಕ್ಸ್‌ಪೈರಿಗೆ ಮೊದಲೇ ಹೊರಬರಬೇಕು, ಇಲ್ಲವೇ ಮುಂದಿನ ತಿಂಗಳಿಗೆ ರೋಲ್ ಮಾಡಬೇಕು, ಅಂದರೆ ಈ ತಿಂಗಳದ್ದನ್ನು ಮುಚ್ಚಿ ಮುಂದಿನದರಲ್ಲಿ ಅದೇ ಪೊಸಿಷನ್ ತೆಗೆದುಕೊಳ್ಳಬೇಕು. ಹಾಗಾಗಿ ಕೊನೆಯ ವಾರದಲ್ಲಿ ಮುಂದಿನ ತಿಂಗಳ ಓಐ ಏರುವುದು ಸುದ್ದಿಯೇ ಅಲ್ಲ. ಷೇರು ಏರಲಿ, ಬೀಳಲಿ, ಮಲಗಿರಲಿ, ಆ ಅಂಕಿ ಏರಿಯೇ ಏರುತ್ತದೆ. ಒಂದು ಕೊಡದ ನೀರನ್ನು ಇನ್ನೊಂದಕ್ಕೆ ಬಗ್ಗಿಸುವಾಗ ಎರಡನೆಯ ಕೊಡವನ್ನಷ್ಟೇ ತೋರಿಸಿ ಮಳೆ ಬಂತು ಎಂದ ಹಾಗೆ.

ಭಾವ ಫೋನ್ ಮಾಡಿದ ಮೇಲೆ ಎನ್ಎಸ್ಇ ದಿನದ ಕೊನೆಗೆ ಹಾಕುವ ಅಂಕಿಗಳ ಫೈಲ್, ಭಾವ್‌ಕಾಪಿ, ಇಳಿಸಿಕೊಂಡು ಮೂರೂ ತಿಂಗಳನ್ನು ಕೂಡಿಸಿ ನೋಡಿದೆ. ಗುರುವಾರ ಸಂಜೆ ಚಾಲ್ತಿ ತಿಂಗಳಲ್ಲಿ 120 ಲಕ್ಷ, ಮುಂದಿನದರಲ್ಲಿ 30 ಲಕ್ಷ, ಮೂರನೆಯದರಲ್ಲಿ 2 ಲಕ್ಷ, ಒಟ್ಟು 152 ಲಕ್ಷ ಷೇರು. ಶುಕ್ರವಾರ ಸಂಜೆ 82, 52 ಮತ್ತು 2, ಒಟ್ಟು 136 ಲಕ್ಷ. ಚಾಲ್ತಿ ತಿಂಗಳಿಂದ 38 ಲಕ್ಷ ಹೊರಗೆ ಹೋಗಿದೆ, ಮುಂದಿನದಕ್ಕೆ ಬಂದದ್ದು 22 ಲಕ್ಷ ಮಾತ್ರ. ಉಳಿದ 16 ಲಕ್ಷ ಎಲ್ಲಿಗೂ ರೋಲ್ ಆಗಲಿಲ್ಲ, ಮುಚ್ಚಿಹೋಯಿತು. ಒಟ್ಟು ಓಐ ಶೇ. 10ಕ್ಕೂ ಹೆಚ್ಚು ಇಳಿದ ದಿನ ಬೆಲೆ ಶೇ. 4 ಏರಿದೆ. ಗುಂಪಿನವರು ಹೇಳಿದ ಅದೇ ಸೂತ್ರವನ್ನು ಒಟ್ಟು ಅಂಕಿಗೆ ಹಚ್ಚಿದರೆ ಉತ್ತರ ಶಾರ್ಟ್ ಕವರಿಂಗ್.

ಪ್ರತಿ ಕಾಂಟ್ರಾಕ್ಟಿಗೂ ಒಬ್ಬ ಕೊಂಡವ, ಒಬ್ಬ ಮಾರಿದವ ಇದ್ದೇ ಇರುತ್ತಾರೆ. ಆದ್ದರಿಂದ ಓಐ ಇಳಿದರೆ ಲಾಂಗೂ ಶಾರ್ಟೂ ಸಮ ಪ್ರಮಾಣದಲ್ಲಿ ಮುಚ್ಚಿವೆ ಎಂದರ್ಥ. ಯಾರಿಗೆ ಅವಸರ ಇತ್ತು ಎಂಬುದನ್ನು ಬೆಲೆ ಹೇಳುತ್ತದೆ. ಇಲ್ಲಿ ಶಾರ್ಟ್ ಇದ್ದವರು ಸಿಕ್ಕ ಬೆಲೆಗೆ ಕೊಂಡು ಹೊರಟಿದ್ದಾರೆ, ಹಳೆಯ ಲಾಂಗ್‌ಗಳು ಅವರಿಗೆ ಮಾರಿ ಲಾಭ ಎಣಿಸಿಕೊಂಡಿದ್ದಾರೆ. ಈ ಕೊಳ್ಳುವಿಕೆ ಶಾರ್ಟ್‌ಗಳು ಮುಗಿಯುವ ತನಕ ಮಾತ್ರ. ಆಮೇಲೆ ಬೆಲೆಯನ್ನು ಹೊಸಬರು ಬಂದು ಎತ್ತಬೇಕು, ಅವರು ಬಂದಿದ್ದಾರೆ ಎಂಬುದಕ್ಕೆ ಶುಕ್ರವಾರದ ಅಂಕಿಯಲ್ಲಿ ಏನೂ ಗುರುತಿಲ್ಲ.

ಇನ್ನೊಂದು ಗುರುತು ಸ್ಪ್ರೆಡ್‌ನಲ್ಲಿ, ಅಂದರೆ ಎರಡು ತಿಂಗಳ ಬೆಲೆಗಳ ಅಂತರದಲ್ಲಿ ಇತ್ತು. ಅದನ್ನು ಈ ಗುಂಪುಗಳು ತೋರಿಸುವುದೇ ಅಪರೂಪ. ಗುರುವಾರ ಚಾಲ್ತಿ ತಿಂಗಳು 800, ಮುಂದಿನ ತಿಂಗಳು 805. ಐದು ರೂಪಾಯಿ ಅಂತರ ಸಹಜವೇ, 800 ರೂಪಾಯಿಗೆ ಒಂದು ತಿಂಗಳ ಬಡ್ಡಿ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಶುಕ್ರವಾರ ಚಾಲ್ತಿಯದು 832 ಆದಾಗ ಮುಂದಿನದು 833, ಅಂತರ ಒಂದು ರೂಪಾಯಿಗೆ ಕುಸಿದಿದೆ. ಲಾಂಗ್ ರೋಲ್ ಮಾಡುವವನು ಚಾಲ್ತಿಯದನ್ನು ಮಾರಿ ಮುಂದಿನದನ್ನು ಕೊಳ್ಳುತ್ತಾನೆ, ಅವಸರ ಅವನದಾದರೆ ಅಂತರ ಹಿಗ್ಗಬೇಕು. ಶಾರ್ಟ್ ರೋಲ್ ಮಾಡುವವನು ಚಾಲ್ತಿಯದನ್ನು ಕೊಂಡು ಮುಂದಿನದನ್ನು ಮಾರುತ್ತಾನೆ, ಅವನ ಅವಸರಕ್ಕೆ ಅಂತರ ಕುಗ್ಗುತ್ತದೆ. ರೋಲ್ ಮಾಡದೆ ಸುಮ್ಮನೆ ಕೊಂಡು ಹೊರಹೋಗುವ ಶಾರ್ಟ್ ಕೂಡ ಚಾಲ್ತಿಯ ಬೆಲೆಯನ್ನೇ ಮೇಲೆ ತಳ್ಳುತ್ತಾನೆ. ಮುಂದಿನ ತಿಂಗಳಿಗೆ ನಿಜವಾಗಿ ಹೊಸ ಲಾಂಗ್‌ಗಳು ಮುಗಿಬಿದ್ದಿದ್ದರೆ ಆ ಕಾಂಟ್ರಾಕ್ಟ್ ಹೀಗೆ ಅಗ್ಗಕ್ಕೆ ನಿಲ್ಲುತ್ತಿರಲಿಲ್ಲ.

ಸ್ಪ್ರೆಡ್ ಒಂದನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ಮುಂದಿನ ತಿಂಗಳ ಅವಧಿಯಲ್ಲಿ ಡಿವಿಡೆಂಡ್ ಎಕ್ಸ್-ಡೇಟ್ ಬಿದ್ದರೆ ಅಂತರ ಆ ಮೊತ್ತದಷ್ಟು ತಾನಾಗಿಯೇ ಕುಗ್ಗುತ್ತದೆ, ಅದಕ್ಕೂ ಶಾರ್ಟ್‌ಗಳಿಗೂ ಸಂಬಂಧ ಇಲ್ಲ. ಈ ಷೇರಿನಲ್ಲಿ ಅಂಥದ್ದೇನೂ ಇರಲಿಲ್ಲ, ನೋಡಿಕೊಂಡೆ. ಇನ್ನೊಂದು ತೊಡಕು ಆರ್ಬಿಟ್ರೇಜ್ ಫಂಡುಗಳದು. ಅವು ಷೇರನ್ನು ಕ್ಯಾಶ್‌ನಲ್ಲಿ ಕೊಂಡು ಫ್ಯೂಚರ್ಸ್ ಮಾರಿ ಕೂತಿರುತ್ತವೆ. ಬೆಲೆ ಬೀಳುತ್ತದೆ ಎಂಬ ನಂಬಿಕೆಯಿಂದ ಮಾಡಿದ ಶಾರ್ಟ್ ಅದಲ್ಲ, ಬಡ್ಡಿಗಾಗಿ ಮಾಡಿದ್ದು. ಅಂತರ ಒಂದು ರೂಪಾಯಿಗೆ ಇಳಿದರೆ ರೋಲ್ ಮಾಡಿ ಅವುಗಳಿಗೆ ಗಿಟ್ಟುವುದಿಲ್ಲ, ಫ್ಯೂಚರ್ಸ್ ಮರಳಿ ಕೊಂಡು ಷೇರನ್ನು ಮಾರಿ ಹೊರಬರುತ್ತವೆ. ಅಂಕಿಯಲ್ಲಿ ಅದೂ ಶಾರ್ಟ್ ಕಡಿಮೆಯಾದಂತೆಯೇ ಕಾಣುತ್ತದೆ. 16 ಲಕ್ಷದಲ್ಲಿ ಅಂಥವರದ್ದು ಎಷ್ಟು ಎಂದು ಓಐ ಅಂಕಿ ಬಿಡಿಸಿ ಹೇಳುವುದಿಲ್ಲ. ಎರಡರಲ್ಲಿ ಯಾವುದಾದರೂ ಹೊಸ ಲಾಂಗ್ ಅಲ್ಲ, ಭಾವನಿಗೆ ತಿಳಿದಿರಬೇಕಾಗಿದ್ದದ್ದು ಅಷ್ಟೇ.

ಸೋಮವಾರ ಒಟ್ಟು ಓಐ 124 ಲಕ್ಷಕ್ಕೆ ಇಳಿಯಿತು, ಚಾಲ್ತಿಯ ಬೆಲೆ 838. ಮಂಗಳವಾರ 114 ಲಕ್ಷ, ಬೆಲೆ 834. ಅಂದು ಸಂಜೆ ಗುಂಪಿನಲ್ಲಿ ಇನ್ನೊಂದು ಚಿತ್ರ: 'ರೋಲ್‌ಓವರ್ ಶೇ. 89, ಬುಲ್‌ಗಳಿಗೆ ಭರ್ಜರಿ ವಿಶ್ವಾಸ'. ಈ ಶೇಕಡಾ ಲೆಕ್ಕ ಹೀಗಿದೆ: ಮುಂದಿನ ಎರಡು ತಿಂಗಳ ಓಐ ಕೂಡಿಸಿ, ಮೂರೂ ತಿಂಗಳ ಒಟ್ಟಿನಿಂದ ಭಾಗಿಸುವುದು. ಮುಂದಿನದರಲ್ಲಿ 98, ಮೂರನೆಯದರಲ್ಲಿ 4, ಒಟ್ಟು 114ರಲ್ಲಿ 102, ಹೌದು ಶೇ. 89. ಆದರೆ ಆ ಭಾಗಾಕಾರದ ಕೆಳಗಿನ ಅಂಕಿಯೇ ಕರಗಿಹೋಗಿದೆಯಲ್ಲ! ಗುರುವಾರ 152 ಲಕ್ಷ ಇದ್ದದ್ದರಲ್ಲಿ ಹೊಸ ಸೀರೀಸ್‌ಗೆ ದಾಟಿದ್ದು 102 ಲಕ್ಷ. ಮೂರರಲ್ಲಿ ಒಂದು ಪಾಲು ಉಳಿಯಲೇ ಇಲ್ಲ. ಮೇಲಾಗಿ ರೋಲ್‌ಓವರ್ ಶೇಕಡಾಕ್ಕೆ ದಿಕ್ಕು ಎಂಬುದಿಲ್ಲ, ಶಾರ್ಟ್‌ಗಳು ರೋಲ್ ಆದರೂ ಅದು ಅಷ್ಟೇ ಏರುತ್ತದೆ. ಅದನ್ನು 'ಬುಲ್' ಎಂಬ ಪದದ ಜೊತೆ ಬರೆದವರಿಗೆ ಒಂದೋ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಬರೆಯುತ್ತಿದ್ದಾರೆ.

ಹೊಸ ಸೀರೀಸ್ ಶುರುವಾದ ಮೇಲೆ ಬೆಲೆ ದಿನಾ ಸ್ವಲ್ಪ ಸ್ವಲ್ಪ ಜಾರತೊಡಗಿತು, ಓಐ ಏರತೊಡಗಿತು. ಅಂದರೆ ಹೊಸ ಶಾರ್ಟ್‌ಗಳು ಬಂದವು. ಭಾವ 803ಕ್ಕೆ ಮಾರಿ ಹೊರಬಂದರು.

ಹಾಗಾದರೆ ಅದೇ ವಾರದಲ್ಲಿ ನಿಜವಾದ ಲಾಂಗ್ ಬಿಲ್ಡಪ್ ಹೇಗೆ ಕಾಣುತ್ತಿತ್ತು? ಚಾಲ್ತಿ ತಿಂಗಳಿಂದ ಅದೇ 38 ಲಕ್ಷ ಹೊರಹೋಗಿ ಮುಂದಿನದರಲ್ಲಿ 50 ಲಕ್ಷ ಸೇರಿದ್ದರೆ ಒಟ್ಟು 12 ಲಕ್ಷ ಏರುತ್ತಿತ್ತು. ಬೆಲೆ ಏರಿದ್ದು ಹಾಗೇ ಇದ್ದು, ಅಂತರ 5ರಿಂದ 7 ರೂಪಾಯಿಗೆ ಹಿಗ್ಗಿದ್ದರೆ ಹೊಸ ಲಾಂಗ್ ಎನ್ನಲು ಆಧಾರ ಇರುತ್ತಿತ್ತು. ಒಟ್ಟು ಅಂಕಿ ಶೇ. 1–2ರಷ್ಟು ಅತ್ತಿತ್ತ ಆದ ದಿನ ನಾನಂತೂ ಯಾವ ಹೆಸರನ್ನೂ ಕೊಡುವುದಿಲ್ಲ, ಅದು ಬರೀ ರೋಲ್‌ಓವರ್ ಗದ್ದಲ. ಶಾರ್ಟ್ ಕವರಿಂಗ್‌ನಿಂದ ಏರಿದ ಷೇರು ಬಿದ್ದೇ ಬೀಳುತ್ತದೆ ಎಂದೂ ಅಲ್ಲ. ಕವರಿಂಗ್ ಮುಗಿದ ಮರುದಿನಗಳಲ್ಲಿ ಒಟ್ಟು ಓಐ ಏರುತ್ತಾ ಬೆಲೆ ನಿಂತರೆ ಹೊಸಬರು ಬಂದಂತೆ. ಅದನ್ನು ನೋಡಿಕೊಂಡು ಕೊಳ್ಳಬಹುದಿತ್ತು, ಅವಸರ ಏನಿತ್ತು?

ಲೆಕ್ಕ ನೀವೇ ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಎಫ್ ಅಂಡ್ ಓ ಭಾವ್‌ಕಾಪಿಯಲ್ಲಿ FinInstrmTp ಕಾಲಂನಲ್ಲಿ STF ಇರುವ ಸಾಲುಗಳು ಸ್ಟಾಕ್ ಫ್ಯೂಚರ್ಸ್. TckrSymb ನಲ್ಲಿ ನಿಮ್ಮ ಷೇರು ಹುಡುಕಿದರೆ ಮೂರು XpryDt ಇರುವ ಮೂರು ಸಾಲು ಸಿಗುತ್ತವೆ. ಮೂರರ OpnIntrst ಕೂಡಿಸಿ, ಹಿಂದಿನ ದಿನದ ಮೊತ್ತದ ಜೊತೆ ಹೋಲಿಸಿ. ಎಕ್ಸ್‌ಪೈರಿಯ ಮರುದಿನ ಮಾತ್ರ ಹಾಗೇ ಹೋಲಿಸಬೇಡಿ, ಮುಗಿದ ಸೀರೀಸ್‌ನಲ್ಲಿ ಉಳಿದದ್ದು ಪಟ್ಟಿಯಿಂದಲೇ ಹೋಗಿರುತ್ತದೆ. ನಮ್ಮ ಉದಾಹರಣೆಯಲ್ಲಿ ಮಂಗಳವಾರ ಚಾಲ್ತಿ ತಿಂಗಳಲ್ಲಿ ಉಳಿದಿದ್ದ 12 ಲಕ್ಷವನ್ನು ಹಿಂದಿನ ದಿನದ ಮೊತ್ತದಿಂದ ಮೊದಲೇ ಕಳೆಯಬೇಕು. ಷೇರು ಬ್ಯಾನ್ ಅವಧಿಯಲ್ಲಿದ್ದರೂ ಈ ಓದು ಕೆಡುತ್ತದೆ. ಒಟ್ಟು ಓಐ ಮಾರುಕಟ್ಟೆ ಮಿತಿಯ ಶೇ. 95 ದಾಟಿದ ಷೇರಿನಲ್ಲಿ ಅದು ಶೇ. 80ಕ್ಕೆ ಇಳಿಯುವ ತನಕ ಪೊಸಿಷನ್ ಹೆಚ್ಚಿಸಲು ಬಿಡುವುದಿಲ್ಲ, ಕಡಿಮೆ ಮಾಡಲಷ್ಟೇ ಅವಕಾಶ, ಆಗ ಓಐ ಇಳಿಯುವುದು ನಿಯಮದಿಂದ. ಬೋನಸ್, ಸ್ಪ್ಲಿಟ್ ಆದ ದಿನದ ಅಂಕಿಯನ್ನು ಹಿಂದಿನ ದಿನದ ಜೊತೆ ನೇರವಾಗಿ ಇಟ್ಟು ನೋಡಬಾರದು.

ಭಾವ ಗುಂಪಿನಲ್ಲಿ ಈ ಒಟ್ಟು ಲೆಕ್ಕ ಹಾಕಿ ಕೇಳಿದರು. ಮೊದಲು ಬಂದ ಉತ್ತರ, 'ಸ್ಟಾಪ್‌ಲಾಸ್ ಹಾಕಿಕೊಳ್ಳುವುದು ನಿಮ್ಮ ಜವಾಬ್ದಾರಿ ಸರ್'. ಶುಕ್ರವಾರದ ಸಂದೇಶದಲ್ಲಿ ಸ್ಟಾಪ್‌ಲಾಸ್ ಇರಲೇ ಇಲ್ಲ. ಸೆಬಿ ರಿಸರ್ಚ್ ಅನಲಿಸ್ಟ್ ನೋಂದಣಿ ಸಂಖ್ಯೆ ಕೊಡಿ, INH ಎಂದು ಶುರುವಾಗುತ್ತದಲ್ಲ ಅದು, ಎಂದು ಕೇಳಿದ್ದೇ ತಡ ಅವರನ್ನು ಗುಂಪಿನಿಂದ ತೆಗೆದರು. ಶುಕ್ರವಾರದ ಚಿತ್ರವನ್ನೂ ಅಳಿಸಿದ್ದಾರಂತೆ. ಗುಂಪು ಇನ್ನೂ ನಡೆಯುತ್ತಿದೆ, ಈ ತಿಂಗಳ ಕೊನೆಯ ವಾರಕ್ಕೂ ಅಂಥದೇ ಚಿತ್ರ ಬರುತ್ತದೆ. ನಿಮಗೆ ಬಂದರೆ ಕಳಿಸಿದವರನ್ನು ಚಾಲ್ತಿ ತಿಂಗಳ ಓಐ ಎಷ್ಟು ಇಳಿದಿದೆ ಎಂದು ಕೇಳಿ.