ಕರಾರಿನ "ಈಗಿನ ಷರತ್ತುಗಳು" ಅಂತ ಹಾಳೆ ತಂದರೆ, ಸಹಿಗೆ ಮುಂಚೆ ಇದನ್ನು ಓದಿ

ಗೋದಾಮು, ಅಂಗಡಿ, ಮಿಲ್ಲು ಏನೇ ಬಾಡಿಗೆಗೆ ಹಿಡಿದಿರಲಿ, ನಿಮ್ಮ ಕರಾರಿಗೆ ಆಮೇಲೆ ಒಂದೆರಡು ತಿದ್ದುಪಡಿ ಪತ್ರ ಆಗಿದ್ದರೆ ಈ ಬರಹ ನಿಮಗೇ. ಈಗ ಯಾವ ಷರತ್ತು ನಡೆಯುತ್ತಿದೆ ಅಂತ ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿ, ಮಾಲೀಕರ ಕಡೆಯವರು ಸಹಿಗೆ ತರುತ್ತಾರೆ. ಮೂಲ ಪತ್ರಗಳನ್ನು ಪಕ್ಕದಲ್ಲಿಟ್ಟು ನೋಡದೆ ಅದಕ್ಕೆ ಸಹಿ ಹಾಕಬೇಡಿ. ಇಂಥ ಒಂದು ಹಾಳೆಯಿಂದ ನಮ್ಮ ಕಾಕಾಗೆ 50,000 ರೂಪಾಯಿ ಹೋಯಿತು, ನೆಮ್ಮದಿಯೂ ಹೋಯಿತು.

ಕಾಕಾ ಹುಬ್ಬಳ್ಳಿಯಲ್ಲಿ ಹೆಸರು, ಕಡಲೆ ವ್ಯಾಪಾರ ಮಾಡುತ್ತಾರೆ. ಅಮರಗೋಳ ಎಪಿಎಂಸಿ ಕಡೆ ಒಂದು ಖಾಸಗಿ ಗೋದಾಮು ಹಿಡಿದಿದ್ದಾರೆ. ಕರಾರು ಶುರುವಾದದ್ದು 2018ರ ಏಪ್ರಿಲ್ 1ರಿಂದ, ಒಂಬತ್ತು ವರ್ಷಕ್ಕೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಹಾಗಾಗಿ ಅದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿತ್ತು. ಮುಂದೆ ಆದ ಎರಡು ತಿದ್ದುಪಡಿಗಳೂ ನೋಂದಣಿಯಾಗಿವೆ. ಅಂದರೆ ಕಾಗದ ಪತ್ರ ಎಲ್ಲ ಸರಿಯಾಗಿಯೇ ಇದ್ದವು. ತಕರಾರು ಹುಟ್ಟಿದ್ದು ಮೂರನ್ನೂ ಒಟ್ಟಿಗೆ ಓದುವ ರೀತಿಯಲ್ಲಿ.

ಮೂಲ ಕರಾರಿನ ಕಲಂ 4ರಲ್ಲಿ ಮೂರು ಉಪಕಲಂ ಇದ್ದವು. 4(ಅ): ಬಾಡಿಗೆ ತಿಂಗಳಿಗೆ 40,000 ರೂ. 4(ಆ): ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕೊಡಬೇಕು. 4(ಇ): ಪ್ರತಿ ವರ್ಷ ಬಾಡಿಗೆ ಶೇ. 5ರಷ್ಟು ಏರುತ್ತದೆ.

2020ರ ಜುಲೈನಲ್ಲಿ ಕೊರೊನಾದಿಂದ ವ್ಯಾಪಾರ ನಿಂತಾಗ ಮೊದಲ ತಿದ್ದುಪಡಿ ಆಯಿತು. ಅದರಲ್ಲಿ "ಕಲಂ 4ನ್ನು ಪೂರ್ತಿ ತೆಗೆದು, ಅದರ ಬದಲು ಈ ಕೆಳಗಿನಂತೆ ಓದಿಕೊಳ್ಳತಕ್ಕದ್ದು" ಅಂತ ಇತ್ತು. ಹೊಸ 4(ಅ): ಬಾಡಿಗೆ 38,000. ಹೊಸ 4(ಆ): 10ನೇ ತಾರೀಖಿನೊಳಗೆ. ಹೊಸ 4(ಇ): ತಡವಾದರೆ ವರ್ಷಕ್ಕೆ ಶೇ. 12 ಬಡ್ಡಿ. ವರ್ಷ ವರ್ಷದ ಏರಿಕೆಯ ಮಾತೇ ಅಲ್ಲಿಲ್ಲ.

2022ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಎರಡನೆಯ ತಿದ್ದುಪಡಿ ಆಯಿತು. ಕಲಂ 4(ಅ)ದಲ್ಲಿ ಬಾಡಿಗೆ 46,000 ಅಂತ, ಬಿಡುವ ನೋಟಿಸ್ ಮೂರು ತಿಂಗಳ ಬದಲು ಆರು ತಿಂಗಳು ಅಂತ ಬರೆದರು. ಕೊನೆಗೆ ಬಾಂಡ್ ರೈಟರುಗಳ ಬಳಿ ಯಾವಾಗಲೂ ತಯಾರಿರುವ ಸಾಲು: "ಉಳಿದ ಎಲ್ಲ ಷರತ್ತುಗಳು ಮೂಲ ಕರಾರಿನಂತೆ ಮುಂದುವರಿಯುತ್ತವೆ." 2020ರ ತಿದ್ದುಪಡಿಯ ಹೆಸರೇ ಅದರಲ್ಲಿ ಇರಲಿಲ್ಲ.

ಮುಂದೆ ಮೂರು ವರ್ಷ ಕಾಕಾ 46,000 ಕೊಡುತ್ತಾ ಹೋದರು, ಮಾಲೀಕರು ತಗೊಳ್ಳುತ್ತಾ ಹೋದರು. 2025ರ ಆರಂಭದಲ್ಲಿ ಮಾಲೀಕರ ದಿವಾಣಜಿ ಒಂದು ಹಾಳೆ ತಂದರು. ಸುಗ್ಗಿ ಕಾಲ, ಗೋದಾಮಿನ ಮುಂದೆ ಚೀಲ ಇಳಿಯುತ್ತಿದ್ದವು. "ಏನಿಲ್ರಿ ಕಾಕಾರ, ಎಲ್ಲಾ ಹಳೇದ ಐತಿ, ಒಂದ ಕಡೆ ಬರದೇವಿ ಅಷ್ಟ. ಒಂದ ಸಹಿ ಹಾಕ್ರಿ" ಅಂದರು. ಏಳು ವರ್ಷದಿಂದ ನಂಬಿದ ಮನುಷ್ಯ. ಕಾಕಾ ಸಹಿ ಹಾಕಿದರು.

ಏಪ್ರಿಲ್‌ನಲ್ಲಿ ವಕೀಲರ ನೋಟಿಸ್ ಬಂತು. 2022ರಲ್ಲಿ "ಉಳಿದದ್ದು ಮೂಲ ಕರಾರಿನಂತೆ" ಅಂತ ಬರೆದ ಮೇಲೆ ಶೇ. 5ರ ಏರಿಕೆ ಮರಳಿ ಬಂತು ಅನ್ನುವುದು ಅವರ ವಾದ. ಅದರ ಲೆಕ್ಕದಲ್ಲಿ 2023ರ ಏಪ್ರಿಲ್‌ನಿಂದ ಬಾಡಿಗೆ 48,300, 2024ರ ಏಪ್ರಿಲ್‌ನಿಂದ 50,715. ಮೊದಲ ವರ್ಷ ಕಡಿಮೆ ಬಿದ್ದದ್ದು 27,600, ಎರಡನೇ ವರ್ಷ 56,580. ಒಟ್ಟು 84,180 ರೂಪಾಯಿ, ಮೇಲೆ ಶೇ. 12 ಬಡ್ಡಿ. ಜೊತೆಗೆ ಕಾಕಾ ಸಹಿ ಹಾಕಿದ ಹಾಳೆಯ ಜೆರಾಕ್ಸ್.

ಆ ಹಾಳೆಯನ್ನು ನಾನು ಆಗ ನೋಡಿದೆ. ನಾಲ್ಕನೇ ಸಾಲಿನಲ್ಲಿ "4(ಇ) ವಾರ್ಷಿಕ ಏರಿಕೆ ಶೇ. 5" ಅಂತ ಇದೆ. ಐದನೇ ಸಾಲಿನಲ್ಲಿ "4(ಇ) ತಡವಾದರೆ ಬಡ್ಡಿ ಶೇ. 12" ಅಂತ ಇದೆ. ಒಂದೇ ನಂಬರಿಗೆ ಎರಡು ಷರತ್ತು! ಒಂದು ಕರಾರಿನಲ್ಲಿ ಒಂದೇ ಹೊತ್ತಿಗೆ ಎರಡು 4(ಇ) ಇರಲು ಸಾಧ್ಯವೇ ಇಲ್ಲ. ಏರಿಕೆಯನ್ನು 2018ರ ಪತ್ರದಿಂದ, ಬಡ್ಡಿಯನ್ನು 2020ರ ಪತ್ರದಿಂದ, ಹೀಗೆ ತಮಗೆ ಲಾಭವಾದದ್ದನ್ನು ಎರಡೂ ಕಡೆಯಿಂದ ಆರಿಸಿಕೊಂಡಿದ್ದರು. ನಿಮ್ಮ ಮುಂದೆ ಇಂಥ ಹಾಳೆ ಬಂದರೆ ಮೊದಲು ಇದನ್ನೇ ಹುಡುಕಿ. ಒಂದು ಕಲಂ ನಂಬರ್ ಎರಡು ಸಲ ಬಂದಿದ್ದರೆ, ಸತ್ತ ಷರತ್ತೊಂದು ಒಳಗೆ ಬಂದು ಕೂತಿದೆ ಅಂತಲೇ ತಿಳಿಯಿರಿ. ಹಾಳೆಯಲ್ಲಿ ಕಲಂ ನಂಬರನ್ನೇ ಹಾಕಿಲ್ಲ ಅಂದರೆ ಇನ್ನೂ ಕಷ್ಟ. ಪ್ರತಿ ಸಾಲಿಗೂ ಯಾವ ಪತ್ರದ ಯಾವ ಕಲಂ ಅಂತ ಬರೆಸಿಕೊಳ್ಳದೆ ಮುಂದೆ ಹೋಗಬೇಡಿ.

ನಮ್ಮ ವಕೀಲರು ಮೂರೂ ಪತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಓದಿದರು. ಪ್ರತಿ ತಿದ್ದುಪಡಿಯೂ ಆ ದಿನ ಕರಾರು ಹೇಗಿತ್ತೋ ಅದರ ಮೇಲೆ ಕೆಲಸ ಮಾಡುತ್ತದೆ, 2018ರ ಕರಾರಿನ ಮೇಲಲ್ಲ. 2022ರಲ್ಲಿ "4(ಅ)" ಅಂದಾಗ ಕೈಯಲ್ಲಿದ್ದದ್ದು 2020ರ ಹೊಸ ಕಲಂ 4. ಅದರಲ್ಲಿ (ಅ) ಮಾತ್ರ ಬದಲಾಯಿತು. 10ನೇ ತಾರೀಖು ಮತ್ತು ಬಡ್ಡಿ ಹಾಗೆಯೇ ಉಳಿದವು. ಏರಿಕೆ 2020ರಲ್ಲೇ ಹೋಗಿತ್ತು. ತೆಗೆದುಹಾಕಿದ್ದನ್ನು ಮತ್ತೆ ತರಬೇಕಾದರೆ ಬಿಡಿಸಿ ಬರೆಯಬೇಕಿತ್ತು. ಸರ್ಕಾರದ ಕಾಯ್ದೆಗಳಿಗೆ ಈ ನಿಯಮ 1897ರ ಜನರಲ್ ಕ್ಲಾಸಸ್ ಆಕ್ಟ್‌ನ 7ನೇ ಸೆಕ್ಷನ್‌ನಲ್ಲೇ ಇದೆ: ಪೂರ್ತಿ ರದ್ದಾದ ಕಾಯ್ದೆ ಮತ್ತೆ ಜೀವ ಪಡೆಯಬೇಕಾದರೆ ಹಾಗಂತ ಸ್ಪಷ್ಟವಾಗಿ ಹೇಳಬೇಕು. ಖಾಸಗಿ ಕರಾರಿಗೆ ಆ ಸೆಕ್ಷನ್ ನೇರವಾಗಿ ಅನ್ವಯಿಸುವುದಿಲ್ಲ. ಹಾಗಾಗಿಯೇ "ಮೂಲ ಕರಾರಿನಂತೆ" ಅನ್ನುವ ಸಾಲಿನ ಮೇಲೆ ವಾದಕ್ಕೆ ಅವಕಾಶ ಉಳಿಯಿತು.

ಮೂರು ವರ್ಷ ಮಾಲೀಕರು 46,000ವನ್ನೇ ತಕರಾರಿಲ್ಲದೆ ತಗೊಂಡದ್ದು ನಮ್ಮ ಪರವಾಗಿತ್ತು. ನೋಂದಣಿಯಾಗದ ಒಂದು ಹಾಳೆಯಿಂದ ನೋಂದಣಿಯಾದ ಕರಾರು ಬದಲಾಗಲ್ಲ ಅನ್ನುವುದೂ ನಮ್ಮ ಪರವೇ. ಆದರೆ ಹಾಳೆಯ ಪೆಟ್ಟು ಬೇರೆ ಕಡೆ ಬಿತ್ತು. ಅದು ಹೊಸ ಕರಾರಲ್ಲದಿದ್ದರೂ, ಏರಿಕೆ ಇದೆ ಅಂತ ಬಾಡಿಗೆದಾರರೇ ಒಪ್ಪಿದ್ದರು ಅಂತ ತೋರಿಸಲು ಅದನ್ನು ಸಾಕ್ಷಿಯಾಗಿ ಮುಂದಿಡಬಹುದು. ಒಪ್ಪಿಗೆಯೇ ಅಂತಿಮ ಅಲ್ಲ, ಆದರೆ ಅದು ತಪ್ಪು ತಿಳಿವಳಿಕೆಯಿಂದ ಆದದ್ದು ಅಂತ ತೋರಿಸುವ ಭಾರ ಕಾಕಾ ಮೇಲೆ ಬರುತ್ತಿತ್ತು. ಕೋರ್ಟಿಗೆ ಅಲೆಯುವ ವಯಸ್ಸಲ್ಲ ಅವರದು. ಕೊನೆಗೆ 50,000ಕ್ಕೆ ರಾಜಿಯಾಯಿತು. ಇದು ಅನ್ಯಾಯ ಅಂತಲೇ ನಾನು ಇವತ್ತಿಗೂ ಹೇಳುತ್ತೇನೆ.

ನಿಮ್ಮ ಕರಾರನ್ನು ನೀವೇ ಜೋಡಿಸಿ ನೋಡುವುದಾದರೆ, ಎಲ್ಲ ಪತ್ರಗಳೂ ಕೈಯಲ್ಲಿವೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಆ ಆಸ್ತಿಯ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸಿದರೆ ನೋಂದಣಿಯಾದ ಪತ್ರಗಳು ತಾರೀಖು ಸಮೇತ ಅದರಲ್ಲಿ ಬರುತ್ತವೆ. ಕಾಣದ ಪತ್ರವೇನಾದರೂ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತಗೊಳ್ಳಿ. ಆಮೇಲೆ ಮೂಲ ಕರಾರಿನ ಒಂದು ಜೆರಾಕ್ಸ್ ಮೇಲೆ ತಿದ್ದುಪಡಿಗಳನ್ನು ಒಂದಾದ ಮೇಲೊಂದರಂತೆ ಪೆನ್ನಿನಿಂದ ಇಳಿಸಿ. "ತೆಗೆದು" ಅಂದದ್ದನ್ನು ಹೊಡೆದು ಹಾಕಿ, "ಸೇರಿಸಿ" ಅಂದದ್ದನ್ನು ಮಾತ್ರ ಸೇರಿಸಿ. ಪಕ್ಕದಲ್ಲಿ ಜಾರಿ ತಾರೀಖು ಬರೆಯಿರಿ. ಸಹಿಯ ತಾರೀಖೇ ಜಾರಿ ತಾರೀಖು ಅಂತ ಅಂದುಕೊಳ್ಳಬೇಡಿ. ಹಳೇ ಬಾಕಿ ಲೆಕ್ಕ ಹಾಕುವಾಗ ಆಯಾ ತಿಂಗಳಲ್ಲಿ ಯಾವ ಷರತ್ತು ಇತ್ತೋ ಅದೇ ಲೆಕ್ಕಕ್ಕೆ. ವಾಟ್ಸಾಪ್‌ನಲ್ಲಿ ಆದ ಮಾತನ್ನು ಈ ಹಾಳೆಯಲ್ಲಿ ಸೇರಿಸಬೇಡಿ, ಬೇರೆ ಬರೆದಿಟ್ಟು ವಕೀಲರಿಗೆ ತೋರಿಸಿ.

ರಾಜಿಯ ಹೊತ್ತಿಗೆ ಮಾಡಿಸಿದ ಮೂರನೇ ತಿದ್ದುಪಡಿಯಲ್ಲಿ ಆ ತಯಾರಿ ಸಾಲನ್ನು ವಕೀಲರು ಹೀಗೆ ಬದಲಿಸಿದರು: "2020 ಮತ್ತು 2022ರ ತಿದ್ದುಪಡಿಗಳಂತೆ ಬದಲಾದ ಮೂಲ ಕರಾರಿನ ಉಳಿದ ಷರತ್ತುಗಳು ಮುಂದುವರಿಯುತ್ತವೆ. ವಾರ್ಷಿಕ ಏರಿಕೆಯ ಷರತ್ತು ಜಾರಿಯಲ್ಲಿಲ್ಲ." ಷರತ್ತುಗಳ ಹಾಳೆಗೆ ಸಹಿ ಹಾಕಲೇಬೇಕಾಗಿ ಬಂದರೆ, ಸಹಿಯ ಮೇಲೆ ನಿಮ್ಮ ಕೈಯಿಂದಲೇ ಇಷ್ಟು ಬರೆಯಿರಿ: "ಓದುವ ಅನುಕೂಲಕ್ಕೆ ಮಾತ್ರ. ವ್ಯತ್ಯಾಸ ಬಂದರೆ ನೋಂದಣಿಯಾದ ಪತ್ರಗಳೇ ಅಂತಿಮ." ತಾರೀಖು ಹಾಕಿ, ಅವರ ಸಹಿಯನ್ನೂ ಅದರ ಕೆಳಗೆ ತಗೊಂಡು, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.