ಟವರ್ ಹೋದದ್ದಾ, ಫೋನ್ ಹಾಳಾದದ್ದಾ? ಎರಡು ಸಲ ತಪ್ಪು ಮಾಡಿದ ಮೇಲೆ ಮಾಡಿದ ಹೋಲಿಕೆ

ಒಂದೇ ತಿಂಗಳ ಅಂತರದಲ್ಲಿ ನಮ್ಮ ಮನೆಯ ಎರಡು ಫೋನಲ್ಲಿ ‘ನೋ ಸರ್ವಿಸ್’ ಅಂತ ಬಂತು. ಒಂದು ನಂದು, ಹಿರಿಯಡ್ಕದ ಮನೇಲಿ, ಜುಲೈ ಮಳೆಗೆ. ಇನ್ನೊಂದು ಅಮ್ಮಂದು, ಮಂಗಳೂರಲ್ಲಿ ಬಿಜೈಯ ಅಕ್ಕನ ಮನೆಗೆ ಹೋಗಿದ್ದಾಗ. ನನ್ನದರಲ್ಲಿ ಫೋನೇ ಹೋಯ್ತು ಅಂತ ಹೊಸ ಫೋನಿನ ರೇಟ್ ನೋಡ್ಲಿಕ್ಕೆ ಶುರು ಮಾಡಿದ್ದೆ, ಆದ್ರೆ ಹೋದದ್ದು ಟವರ್. ಅಮ್ಮನದರಲ್ಲಿ ಟವರ್ ಸಮಸ್ಯೆ, ನಾಳೆ ಸರಿ ಆಗ್ತದೆ ಬಿಡಿ ಅಂತ ಎರಡು ದಿನ ಕಾದೆ, ಅಲ್ಲಿ ಹಾಳಾದದ್ದು ಫೋನು. ಆ ಎರಡೂ ಸಲ ನಾನು ಚೆಕ್ ಮಾಡಿದ ದಾರಿಗಳಲ್ಲಿ ಯಾವುದು ಸರಿ ಹೇಳ್ತು, ಯಾವುದು ದಾರಿ ತಪ್ಪಿಸ್ತು ಅಂತ ಇಲ್ಲಿ ಪಕ್ಕಪಕ್ಕ ಇಡ್ತೇನೆ. ಕಂಪೆನಿಗಳ ಹೆಸರು ಬೇಡ, ನನ್ನ ಫೋನಲ್ಲಿ ಎರಡು ಕಂಪೆನಿಯ ಸಿಮ್ ಉಂಟು, ಒಂದನೇ ಸಿಮ್ ಎರಡನೇ ಸಿಮ್ ಅಂತಲೇ ಕರೀತೇನೆ.

ಹಿರಿಯಡ್ಕದಲ್ಲಿ ಆದದ್ದು ಹೀಗೆ. ಸಾಯಂಕಾಲ ನಾಲ್ಕಕ್ಕೆ ಕರೆಂಟು ಹೋಯ್ತು, ರಾತ್ರಿ ಒಂಬತ್ತೂವರೆಗೆ ಒಂದನೇ ಸಿಮ್ ಹೋಯ್ತು. ಎರಡನೇದರಲ್ಲಿ ಆಗ ಎರಡು ಕಡ್ಡಿ ಇತ್ತು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗ್ದೆ, ರಿಸ್ಟಾರ್ಟ್ ಮಾಡಿದೆ, ಸಿಮ್ ತೆಗ್ದು ಅಂಗಿಗೆ ಉಜ್ಜಿ ಹಾಕಿದೆ (ಇದನ್ನು ಯಾರು ಕಲಿಸಿದ್ದೋ ಗೊತ್ತಿಲ್ಲ, ಎಲ್ರೂ ಮಾಡ್ತಾರೆ), ಎಂತದೂ ಆಗ್ಲಿಲ್ಲ. ಎರಡನೇ ಸಿಮ್ ಅದೇ ಫೋನಲ್ಲಿ ನಡೀತಾ ಇರುವಾಗ ಫೋನ್ ಹಾಳಾಗಿರುವ ಸಾಧ್ಯತೆ ಕಡಿಮೆ ಅಂತ ಆಗ್ಲೇ ಹೊಳೀಬೇಕಿತ್ತು, ಹೊಳೀಲಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ಎರಡನೇದೂ ಕುಂಟ್ಲಿಕ್ಕೆ ಶುರುವಾಯ್ತಲ್ಲ, ಆಗ ಫೋನೇ ಹೋಯ್ತು ಅಂತ ಗಟ್ಟಿ ಮಾಡ್ಕೊಂಡೆ.

ಮೊದಲು ನೋಡಿದ್ದು downdetector.in. ಮನೆಯ ಫೈಬರ್ ವೈಫೈ ಇನ್ವರ್ಟರಲ್ಲಿ ನಡೀತಿತ್ತು, ಹಾಗಾಗಿ ನೆಟ್ ಇತ್ತು. ಗ್ರಾಫ್ ಪೂರ್ತಿ ಚಪ್ಪಟೆ, ಸಮಸ್ಯೆಯೇ ಇಲ್ಲ ಅನ್ನುವ ಹಾಗೆ. ಯಾಕೆ ಅಂದ್ರೆ ಈ ಸೈಟು ಟವರ್‌ಗಳನ್ನು ನೋಡುದಲ್ಲ, ಜನ ಬಂದು ‘ನಂಗೂ ಬರ್ತಿಲ್ಲ’ ಅಂತ ಒತ್ತಿದ್ದನ್ನು ಲೆಕ್ಕ ಹಾಕ್ತದೆ, ಆ ಹೊತ್ತಿಗೆ ಸಾಮಾನ್ಯವಾಗಿ ಬರುದಕ್ಕಿಂತ ತುಂಬಾ ಜಾಸ್ತಿ ಬಂದ್ರೆ ಮಾತ್ರ ಗ್ರಾಫ್ ಏರ್ತದೆ. ಹಿರಿಯಡ್ಕದ ಒಂದು ಟವರ್ ಹೋದ್ರೆ ಕಷ್ಟ ಆಗುದು ಕೆಲವು ನೂರು ಮನೆಗೆ, ಅದ್ರಲ್ಲಿ ಹೆಚ್ಚಿನವರಿಗೆ ಆ ಸೈಟ್ ತೆರೀಲಿಕ್ಕೆ ನೆಟ್ಟೇ ಇಲ್ಲ. ಮತ್ತೆ ರಿಪೋರ್ಟ್ ಮಾಡುದು ಯಾರು?

ಅಮ್ಮನ ಫೋನಿನ ದಿನ ಇದೇ ಸೈಟು ಉಲ್ಟಾ ಮೋಸ ಮಾಡ್ತು. ಅವತ್ತು ಅಮ್ಮನ ಕಂಪೆನಿಯ ಗ್ರಾಫ್ ಎತ್ತರಕ್ಕೆ ಹೋಗಿತ್ತು. ಓ ಅದೇ ಸಮಸ್ಯೆ ಅಂತ ಖುಷಿಯಲ್ಲಿ ಅಮ್ಮಂಗೆ ಹೇಳಿದೆ, ‘ಅಮ್ಮ, ಎಲ್ಲಾ ಕಡೆ ಹೋಗಿದೆ, ನೀವು ಸುಮ್ನೆ ಇರಿ’. ಆ ರಿಪೋರ್ಟ್‌ಗಳೆಲ್ಲ ಬೇರೆ ರಾಜ್ಯದ್ದು ಅಂತ ಕೆಳಗಿನ ಮ್ಯಾಪ್ ನೋಡಿದ್ರೆ ಗೊತ್ತಾಗ್ತಿತ್ತು, ನಾನು ಅಷ್ಟು ಕೆಳಗೆ ಹೋಗ್ಲೇ ಇಲ್ಲ. ಇಡೀ ರಾಜ್ಯಕ್ಕೋ ದೇಶಕ್ಕೋ ಹೋದದ್ದಾದ್ರೆ ಈ ಸೈಟು ಎಲ್ಲಕ್ಕಿಂತ ಬೇಗ ಹೇಳ್ತದೆ. ನಮ್ಮೂರಿನ ಟವರಿಗೆ ಅದು ಪ್ರಯೋಜನ ಇಲ್ಲ.

ಕಂಪೆನಿಯ ಆ್ಯಪ್ ಎರಡನೇ ದಾರಿ. ಅದ್ರೊಳಗೆ ಸಹಾಯ ಅನ್ನುವಲ್ಲಿ ನೆಟ್‌ವರ್ಕ್ ಅಂತ ಒತ್ತಿ ಲೊಕೇಶನ್ ಕೊಟ್ಟೆ, ನಿಮ್ಮ ಏರಿಯಾದಲ್ಲಿ ಸಮಸ್ಯೆ ಇಲ್ಲ, ಫೋನ್ ರಿಸ್ಟಾರ್ಟ್ ಮಾಡಿ ಅಂತು. ಮರುದಿನ ಬೆಳಿಗ್ಗೆ ಎಂಟಕ್ಕೆ ಅದೇ ಆ್ಯಪ್, ನಿಮ್ಮ ಹತ್ತಿರದ ಟವರಲ್ಲಿ ಕೆಲಸ ನಡೀತಾ ಉಂಟು ಅಂತ ತೋರಿಸ್ತು. ಅಂದ್ರೆ ಸುಳ್ಳಲ್ಲ, ತಡ. ‘ಸಮಸ್ಯೆ ಉಂಟು’ ಅಂದ್ರೆ ನಂಬಬಹುದು, ‘ಇಲ್ಲ’ ಅಂದ್ರೆ ಅವರಿಗಿನ್ನೂ ಗೊತ್ತಾಗಿಲ್ಲ ಅಂತಲೂ ಇರಬಹುದು. 198 ಕ್ಕೆ ಮಾಡಿ ದೂರು ಕೊಟ್ರೆ ಒಂದು ನಂಬರ್ ಕೊಡ್ತಾರೆ, ಅದನ್ನು ಬರ್ದಿಟ್ಕೊಳ್ಳಿ. ಆದ್ರೆ 198 ಆಯಾ ಕಂಪೆನಿಯ ನಂಬರಿಂದಲೇ ಅವರಿಗೆ ಹೋಗುದು, ಸಿಗ್ನಲ್ಲೇ ಇಲ್ಲದವ ಮಾಡುದು ಹೇಗೆ ಮಾರ್ರೆ?

ನಾನು ಮಾಡಿದ್ದು ವೈಫೈ ಕಾಲಿಂಗ್ ಆನ್ ಮಾಡಿ. ಇದ್ರಿಂದ ಒಂದು ಉಪಯೋಗ ನಂಗೆ ಮೊದಲು ಗೊತ್ತಿರ್ಲಿಲ್ಲ: ಟವರ್ ಇಲ್ಲದಿದ್ರೂ ವೈಫೈಯಲ್ಲಿ ಕಾಲ್ ಹೋಯ್ತು ಅಂತಾದ್ರೆ ನಿಮ್ಮ ಸಿಮ್ಮು ಸರಿ ಉಂಟು, ರೀಚಾರ್ಜ್ ಸರಿ ಉಂಟು, ಕಂಪೆನಿಯ ಒಳಗಿನ ಸಿಸ್ಟಮ್ ನಡೀತಾ ಉಂಟು. ಉಳಿದದ್ದು ಎರಡೇ, ಹತ್ತಿರದ ಟವರ್, ಇಲ್ಲಾಂದ್ರೆ ನಿಮ್ಮ ಫೋನಿನ ಆಂಟೆನಾ. ಅರ್ಧ ಗೊಂದಲ ಅಲ್ಲೇ ಕಳೀತು.

ಉಳಿದ ಅರ್ಧ ಕಳೆದದ್ದು ಫೋನಿನ ಒಳಗೇ. ಸೆಟ್ಟಿಂಗ್ಸಲ್ಲಿ ಸಿಮ್ ಅನ್ನುವಲ್ಲಿ ನೆಟ್‌ವರ್ಕ್ ಆಪರೇಟರ್ ಅಂತ ಇರ್ತದೆ, ಅಲ್ಲಿ ಆಟೋಮ್ಯಾಟಿಕ್ ಆಫ್ ಮಾಡಿದ್ರೆ ಫೋನು ಸುತ್ತಮುತ್ತ ಯಾವ್ಯಾವ ಕಂಪೆನಿ ಸಿಗ್ತದೆ ಅಂತ ಹುಡುಕಿ ಲಿಸ್ಟ್ ಕೊಡ್ತದೆ. ಒಂದೆರಡು ನಿಮಿಷ ಬೇಕು, ಅಷ್ಟೊತ್ತು ಡೇಟಾ ನಿಲ್ತದೆ. ಹಿರಿಯಡ್ಕದಲ್ಲಿ ಆ ಲಿಸ್ಟಲ್ಲಿ ಬೇರೆ ಎರಡು ಕಂಪೆನಿ ಬಂತು, ನನ್ನ ಒಂದನೇ ಸಿಮ್ಮಿನ ಕಂಪೆನಿ ಮಾತ್ರ ಇಲ್ಲ. ಬೇರೆಯವರದ್ದು ಕೇಳಿಸ್ತದೆ ಅಂದ್ರೆ ಫೋನಿನ ಕಿವಿ ಸರಿ ಉಂಟು ಅಂತಾಯ್ತಲ್ಲ. ಬಿಜೈಯಲ್ಲಿ ಅಮ್ಮನ ಫೋನಲ್ಲಿ ಹುಡುಕಿದ್ರೆ ಒಂದು ಹೆಸರೂ ಇಲ್ಲ, ಖಾಲಿ. ಮಂಗಳೂರು ಪೇಟೆ ಮಧ್ಯದಲ್ಲಿ ಎಲ್ಲಾ ಕಂಪೆನಿಯೂ ಒಟ್ಟಿಗೆ ಹೋಗುದುಂಟಾ? ಅಲ್ಲಿಗೆ ಸಂಶಯ ಫೋನಿನ ಮೇಲೆ. ನೋಡಿ ಆದ ಮೇಲೆ ಆಟೋಮ್ಯಾಟಿಕ್ ವಾಪಸ್ ಆನ್ ಮಾಡ್ಲಿಕ್ಕೆ ಮರೀಬೇಡಿ, ನಾನು ಮರ್ತು ಉಡುಪಿಗೆ ಹೋಗಿ ಅರ್ಧ ದಿನ ಒದ್ದಾಡಿದೆ.

ಕಡ್ಡಿ ಲೆಕ್ಕ ಮಾಡುದಕ್ಕಿಂತ ಒಳ್ಳೇದು ಸಿಗ್ನಲ್ ಎಷ್ಟು ಗಟ್ಟಿ ಉಂಟು ಅಂತ ಹೇಳುವ ಡಿಬಿಎಂ ನಂಬರ್. ಆ್ಯಂಡ್ರಾಯ್ಡಲ್ಲಿ ಅಬೌಟ್ ಫೋನ್, ಸಿಮ್ ಸ್ಟೇಟಸ್ ಅಂತ ಹೋದ್ರೆ ಸಿಗ್ತದೆ, ಕೆಲವು ಫೋನಲ್ಲಿ ಡಯಲ್ ಮಾಡುವಲ್ಲಿ `*#*#4636#*#*` ಒತ್ತಿದ್ರೂ ಬರ್ತದೆ. ಐಫೋನಲ್ಲಿ `*3001#12345#*` ಒತ್ತಿ ಕಾಲ್ ಮಾಡಬೇಕು. ನಂಬರ್ ಮೈನಸ್ಸಲ್ಲಿ ಇರ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟು ಒಳ್ಳೇದು. 4ಜಿಯಲ್ಲಿ -85 ಆಸುಪಾಸು ಚೆಂದ, -110 ದಾಟಿದ್ರೆ ಕಷ್ಟ, -120 ಅಂದ್ರೆ ಇದ್ದೂ ಇಲ್ಲ. ನನ್ನ ಎರಡನೇ ಸಿಮ್ ನಮ್ಮ ಚಾವಡಿಯಲ್ಲಿ ಯಾವಾಗ್ಲೂ -92 ಹತ್ರ ಇರುದು, ಆ ರಾತ್ರಿ ಅದು -117. ಅಂದ್ರೆ ಹತ್ತಿರದ ಟವರ್ ನಿಂತು ಫೋನು ದೂರದ ಯಾವುದೋ ಟವರನ್ನು ಹಿಡ್ಕೊಂಡು ನೇತಾಡ್ತಿತ್ತು. ಕಾಲ್ ಕಟ್ ಆಗುದು, ಬ್ಯಾಟರಿ ಬೇಗ ಇಳಿಯುದು ಎಲ್ಲ ಅದಕ್ಕೇ. ಆದ್ರೆ ಮೊದಲಿನ ನಂಬರ್ ಗೊತ್ತಿಲ್ಲದಿದ್ರೆ -117 ನೋಡಿ ಎಂತ ಅರ್ಥ ಮಾಡ್ಕೊಳ್ಳುದು? ಎಲ್ಲಾ ಸರಿ ಇರುವಾಗಲೇ ಒಮ್ಮೆ ಮನೆಯಲ್ಲಿ ನೋಡಿ ಬರ್ದಿಟ್ಕೊಳ್ಳುದು ಒಳ್ಳೇದು.

ಎರಡು ಕಂಪೆನಿ ಒಟ್ಟಿಗೆ ಕೈ ಕೊಟ್ಟದ್ದು ಯಾಕೆ ಅಂತ ಆಮೇಲೆ tarangsanchar.gov.in ನೋಡಿದಾಗ ಗೊತ್ತಾಯ್ತು. ಅದು ಸರ್ಕಾರದ್ದು, ಟವರ್ ರೇಡಿಯೇಶನ್ ಮಾಹಿತಿಗೆ ಅಂತ ಮಾಡಿದ್ದು, ಆದ್ರೆ ಯಾವ ಟವರಲ್ಲಿ ಯಾವ ಕಂಪೆನಿ ಉಂಟು ಅಂತ ಮ್ಯಾಪಲ್ಲಿ ಕಾಣ್ತದೆ. ನಮ್ಮ ಹತ್ತಿರದ ಒಂದೇ ಕಂಬದಲ್ಲಿ ನನ್ನ ಎರಡೂ ಸಿಮ್ಮಿನ ಕಂಪೆನಿ ಉಂಟು! ಒಂದೇ ಕಂಬ ಅಂದ್ರೆ ಕರೆಂಟು, ಬ್ಯಾಟರಿ, ಜನರೇಟರ್ ಸಾಧಾರಣ ಒಂದೇ. ಕರೆಂಟು ಹೋಗಿ ಕೆಲವು ಗಂಟೆ ಬ್ಯಾಟರಿ ಎಳೀತು, ಡೀಸೆಲ್ ತಲುಪ್ಲಿಲ್ಲ, ಎರಡೂ ಮಲಗಿದ್ವು. ಎರಡು ಕಂಪೆನಿಯ ಸಿಮ್ ಇಟ್ಟಿದ್ದೇನೆ ಅಂತ ಧೈರ್ಯದಲ್ಲಿದ್ದೆ ನಾನು. ಈ ಸೈಟಾಗ್ಲಿ ಕಂಪೆನಿಗಳ ಕವರೇಜ್ ಮ್ಯಾಪಾಗ್ಲಿ ಟವರ್ ಇವತ್ತು ನಡೀತಾ ಉಂಟಾ ಇಲ್ವಾ ಅಂತ ಹೇಳುದಿಲ್ಲ, ಅದೊಂದು ನೆನಪಿರ್ಲಿ.

ಇನ್ನು ಸಿಮ್ ಅದಲು ಬದಲು. ಅಮ್ಮನ ಕಥೆಯಲ್ಲಿ ಕೊನೆಗೆ ತೀರ್ಪು ಕೊಟ್ಟದ್ದು ಅದೇ. ಅಮ್ಮನ ಸಿಮ್ ನನ್ನ ಫೋನಿಗೆ ಹಾಕಿದೆ, -88, ಕಾಲ್ ಹೋಯ್ತು. ನನ್ನ ಸಿಮ್ ಅಮ್ಮನ ಫೋನಿಗೆ ಹಾಕಿದೆ, ನೋ ಸರ್ವಿಸ್. ಎರಡೂ ಕಡೆ ಮಾಡ್ಲೇಬೇಕು, ಒಂದೇ ಕಡೆ ಮಾಡಿದ್ರೆ ಅರ್ಧ ಉತ್ತರ. ಹಾಗೇ ‘ನೋ ಸಿಮ್’ ಮತ್ತು ‘ನೋ ಸರ್ವಿಸ್’ ಬೇರೆ ಬೇರೆ: ಮೊದಲನೇದ್ರಲ್ಲಿ ಫೋನಿಗೆ ಕಾರ್ಡೇ ಕಾಣ್ತಿಲ್ಲ, ಅದು ಟವರಿಗೆ ಸಂಬಂಧ ಇಲ್ಲ. ಇಸಿಮ್ ಆದ್ರೆ ಹೀಗೆ ಕೂಡ್ಲೆ ತೆಗ್ದು ಹಾಕ್ಲಿಕ್ಕೆ ಆಗುದಿಲ್ಲ, ಕೆಲವು ಯುಪಿಐ ಆ್ಯಪ್ ಸಿಮ್ ತೆಗೆದ್ರೆ ಮತ್ತೆ ವೆರಿಫೈ ಕೇಳ್ತದೆ, ಅಷ್ಟು ರಗಳೆ ಉಂಟು. ಹಂಪನಕಟ್ಟೆಯ ರಿಪೇರಿ ಅಂಗಡಿಯವರು ಬಿಚ್ಚಿ ತೋರಿಸಿದ್ರು, ಆಂಟೆನಾದಿಂದ ಬೋರ್ಡಿಗೆ ಹೋಗುವ ಸಪೂರ ವೈರಿನ ತುದಿ ಹಸಿರು ಹಿಡಿದಿತ್ತು, ಮಳೆಗೆ ಬ್ಯಾಗ್ ಒದ್ದೆಯಾದಾಗ ನೀರು ಹೋದದ್ದು. ವೈರ್ ಬದಲಾಯಿಸಿದ್ರು, ಅಷ್ಟೇ.

ಅದಕ್ಕೂ ಮೊದಲು ಅಕ್ಕ ‘ಹೊಸ ಸಿಮ್ ತೆಗ್ದುಬಿಡು’ ಅಂತ ಹೇಳಿದ್ಲು, ಪುಣ್ಯಕ್ಕೆ ಹೋಗ್ಲಿಲ್ಲ. ಅದೇ ನಂಬರಿಗೆ ಹೊಸ ಸಿಮ್ ತೆಗೆದ್ರೆ 24 ಗಂಟೆ ಎಸ್ಸೆಮ್ಮೆಸ್ ಬಂದ್, ಒಟಿಪಿ ಬರುದಿಲ್ಲ. ಅಮ್ಮನ ಪೆನ್ಶನ್ ಎಲ್ಲ ಆ ನಂಬರಲ್ಲೇ ಉಂಟು.

ಎಲ್ಲಕ್ಕಿಂತ ಬೇಗದ ದಾರಿ ನಾನು ಎಲ್ಲಕ್ಕಿಂತ ಕೊನೆಗೆ ಮಾಡಿದ್ದು, ಪಕ್ಕದ ಮನೆಯವರನ್ನು ಕೇಳುದು. ಆದ್ರೆ ‘ನಿಮ್ಗೆ ನೆಟ್‌ವರ್ಕ್ ಉಂಟಾ’ ಅಂತ ಕೇಳಿದ್ರೆ ಆಗ್ಲಿಕ್ಕಿಲ್ಲ, ಅವರದ್ದು ಯಾವ ಕಂಪೆನಿ, ವೈಫೈ ಆಫ್ ಮಾಡಿ ನೋಡಿದ್ರಾ ಅಂತ ಕೇಳ್ಬೇಕು. ಪಕ್ಕದ ಮನೆಯ ಅಣ್ಣ ಮೊದಲು ‘ನಂಗೆ ಸರಿ ಬರ್ತಾ ಉಂಟು’ ಅಂದ್ರು, ವೈಫೈ ಆಫ್ ಮಾಡ್ಲಿಕ್ಕೆ ಹೇಳಿದ ಮೇಲೆ ‘ಅರೆ, ಇಲ್ವಲ್ಲ!’ ಅಂದ್ರು.

ಈಗ ಸಿಗ್ನಲ್ ಹೋದ್ರೆ ನಾನು ಮೊದಲು ಅವರ ಹತ್ರ ಕೇಳುದು, ಆಮೇಲೆ ಲಿಸ್ಟ್ ಹುಡುಕುದು, ಆಮೇಲೂ ಸಂಶಯ ಇದ್ರೆ ಸಿಮ್ ಬದಲು. ಸೈಟು, ಆ್ಯಪ್ಪು ಎಲ್ಲ ಅದಾದ್ಮೇಲೆ, ಎಷ್ಟು ದೊಡ್ಡ ಏರಿಯಾಕ್ಕೆ ಹೋಗಿದೆ ಅಂತ ತಿಳ್ಕೊಳ್ಳಿಕ್ಕೆ.

ದುಡ್ಡು ವಾಪಸ್ ಸಿಗ್ತದಾ ಅಂತ ಅಣ್ಣ ಕೇಳಿದ್ರು. ಟೆಲಿಕಾಂ ಕಂಪೆನಿಗಳನ್ನು ನಿಯಂತ್ರಿಸುವ ಟ್ರಾಯ್‌ನ 2024 ರ ನಿಯಮದಲ್ಲಿ ಉಂಟು: ಜಿಲ್ಲೆ ಮಟ್ಟದಲ್ಲಿ ದೊಡ್ಡದಾಗಿ ಹೋಗಿ 24 ಗಂಟೆ ದಾಟಿದ್ರೆ ಪೋಸ್ಟ್‌ಪೇಡ್‌ನವರಿಗೆ ತಿಂಗಳ ಬಿಲ್ಲಿನ ಬಾಡಿಗೆಯಲ್ಲಿ ಕಡಿತ, ಪ್ರಿಪೇಡ್‌ನವರಿಗೆ ವ್ಯಾಲಿಡಿಟಿ ಜಾಸ್ತಿ. ನಮ್ಮದು ಒಂದು ಕಂಬ, ಮರುದಿನ ಮಧ್ಯಾಹ್ನ ಒಂದು ಗಂಟೆಗೆ ವಾಪಸ್ ಬಂತು.